ಹತ್ತು ಮೀಟರ್ ಆಚೆಯ ಮಿಂಚುಳ್ಳಿ

ಕೆರೆ ಏರಿಯಿಂದ ಹತ್ತು ಮೀಟರ್ ಆಚೆ, ನೀರಿನತ್ತ ಬಾಗಿದ ಒಣಕೊಂಬೆಯ ಮೇಲೆ ಮಿಂಚುಳ್ಳಿ ಕೂತಿದೆ. ಕಣ್ಣಿಗೆ ಅದರ ಕೆಂಪು ಕೊಕ್ಕು, ಬಿಳಿ ಎದೆ ಎಲ್ಲ ಚೆನ್ನಾಗಿ ಕಾಣುತ್ತದೆ. ಫೋನಿನಲ್ಲಿ ತೆಗೆದು ನೋಡಿದರೆ ಒಂದು ನೀಲಿ ಚುಕ್ಕೆ!

ಫೋನಿನ ಮುಖ್ಯ ಲೆನ್ಸ್ ಮನೆಮಂದಿಯನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿಸಲು ಮಾಡಿದ್ದು. ಹತ್ತು ಮೀಟರ್ ದೂರದಲ್ಲಿ ಅದು ಸುಮಾರು 14 ಮೀಟರ್ ಅಗಲದ ನೋಟವನ್ನು ಹಿಡಿಯುತ್ತದೆ. ಅದರೊಳಗೆ ಮಿಂಚುಳ್ಳಿಯ ಪಾಲು 28 ಸೆಂಟಿಮೀಟರ್, ಅಂದರೆ ಐವತ್ತರಲ್ಲಿ ಒಂದು. ಚಿತ್ರ 4000 ಪಿಕ್ಸೆಲ್ ಅಗಲವಿದ್ದರೆ ಹಕ್ಕಿಗೆ ದಕ್ಕುವುದು ಎಂಬತ್ತೇ. ಎರಡು ಬೆರಳಿಂದ ಹಿಗ್ಗಿಸಿದರೆ ಆ ಎಂಬತ್ತೇ ದೊಡ್ಡದಾಗುತ್ತವೆ, ಹೊಸ ಗರಿಯೇನೂ ಮೂಡುವುದಿಲ್ಲ. ಮೂರು ಪಟ್ಟಿನ ಟೆಲಿ ಲೆನ್ಸ್ ಇದ್ದರೆ ಲೆಕ್ಕ ಇನ್ನೂರ ನಲವತ್ತಕ್ಕೆ ಏರುತ್ತದೆ; ಹಕ್ಕಿಯ ಗುರುತು ಸಿಗಲು ಅಷ್ಟು ಸಾಕು. ಆದರೆ ಮಬ್ಬು ಬೆಳಕಿನಲ್ಲಿ ಎಷ್ಟೋ ಫೋನುಗಳು ಹೇಳದೆ ಕೇಳದೆ ಮುಖ್ಯ ಲೆನ್ಸಿಗೇ ಮರಳುತ್ತವೆ. ಟೆಲಿ ಲೆನ್ಸಿಗೆ ಬೆರಳು ಅಡ್ಡ ಇಟ್ಟು ನೋಡಿ. ಪರದೆ ಕಪ್ಪಾಗದಿದ್ದರೆ ನೀವು ಮೋಸಹೋಗಿದ್ದೀರಿ.

ಹಾಗಾದರೆ ಹತ್ತಿರ ಹೋಗೋಣವೇ? ಬೇಡ, ಕೂತುಕೊಳ್ಳಿ. ಮಿಂಚುಳ್ಳಿ ಬೇಟೆಗೆ ಹಾರಿ ಮತ್ತೆ ಅದೇ ಕೊಂಬೆಗೆ ಬರುವುದು ಹೆಚ್ಚು. ಬೆಳಗಿನ ಸೂರ್ಯನಿಗೆ ಬೆನ್ನು ಮಾಡಿ, ಮೊಣಕೈಗಳನ್ನು ಮೊಣಕಾಲಿಗೆ ಊರಿ, ಖಾಲಿ ಕೊಂಬೆಯ ಮೇಲೆ ಬೆರಳು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ. ಬೆಳಕನ್ನು ತುಸು ಇಳಿಸಿ, ಇಲ್ಲವಾದರೆ ಬಿಳಿ ಎದೆ ಸುಣ್ಣ ಬಳಿದಂತೆ ಬರುತ್ತದೆ. ನಾನೊಮ್ಮೆ ಹೀಗೆ ನಲವತ್ತು ನಿಮಿಷ ಕೂತಿದ್ದೆ. ಹಕ್ಕಿ ಮೂರು ಸಲ ಬಂತು. ಎರಡು ಸಲ ನನ್ನ ಕೈ ತಡವಾಯಿತು. ಮೂರನೆಯ ಸಲ ಅದು ಹಿಡಿದ ಮೀನನ್ನು ಕೊಂಬೆಗೆ ಬಡಿಯುತ್ತಿದ್ದಾಗ ಒಂದೇ ಸಮನೆ ಹತ್ತಿಪ್ಪತ್ತು ಕ್ಲಿಕ್ಕಿಸಿದೆ. ಉಳಿಸಿಕೊಂಡದ್ದು ಒಂದು.

ದೂರ ಸಾಕೋ ಇಲ್ಲವೋ ಎಂಬುದನ್ನು ಹಕ್ಕಿಯೇ ಹೇಳುತ್ತದೆ. ಗರಿ ತೀಡುತ್ತಿದ್ದದ್ದು ನಿಂತು, ಕತ್ತು ನೀಳವಾಗಿ, ನಿಮ್ಮನ್ನೇ ದಿಟ್ಟಿಸತೊಡಗಿತೆಂದರೆ ನೀವು ಆಗಲೇ ಗೆರೆ ದಾಟಿದ್ದೀರಿ. ಅದು ಹಾರುವ ತನಕ ಕಾಯದೆ ಎರಡು ಹೆಜ್ಜೆ ಹಿಂದೆ ಸರಿಯಿರಿ.

ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಕಿರುಚುತ್ತಿದ್ದರಂತೂ ಫೋನು ಜೇಬಿಗೆ ಹೋಗಲಿ. ಅದು ಗೂಡು ಕಟ್ಟುವುದಿಲ್ಲ. ಬಯಲಿನ ಕಲ್ಲುಗಳ ನಡುವೆಯೇ ಮೊಟ್ಟೆಯಿಡುತ್ತದೆ. ಸುಡುವ ಬಿಸಿಲಿನಲ್ಲಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿ ತಂದು ಮೊಟ್ಟೆಗಳನ್ನು ತಂಪಾಗಿಡುವ ಹಕ್ಕಿ ಅದು. ನೀವು ಅಲ್ಲೇ ನಿಂತಷ್ಟು ಹೊತ್ತೂ ಆ ನೆರಳು ತಪ್ಪುತ್ತದೆ. ಹೊರಡುವಾಗ ಬಂದ ಹೆಜ್ಜೆಯಲ್ಲೇ, ನೆಲ ನೋಡುತ್ತ ಹಿಂದಿರುಗಿ. ಮೊಟ್ಟೆಗಳ ಬಣ್ಣ ಸುತ್ತಲಿನ ಕಲ್ಲುಮಣ್ಣಿನದೇ.