ಅರ್ಧ ಸೆಕೆಂಡಿನ ಕಾವಲು

ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರು ಒಂದು ಸಣ್ಣ ಸಂಗತಿ ಗಮನಿಸಿರಬಹುದು. ಮಾಸ್ಟರ್ ಪಾಸ್‌ವರ್ಡ್ ಕೊಟ್ಟ ಮೇಲೆ ಫೋನು ಒಂದು ಕ್ಷಣ ತಡೆದು ಆಮೇಲೆ ತೆರೆದುಕೊಳ್ಳುತ್ತದೆ. ಫೋನು ಹಳೆಯದಾದರೆ ಒಂದೆರಡು ಸೆಕೆಂಡೇ ಹಿಡಿಯಬಹುದು. ಆ ತಡ ಬೇಕೆಂದೇ ಇಟ್ಟದ್ದು. ಪೆಟ್ಟಿಗೆಯ ಭದ್ರತೆ ಬಹುಮಟ್ಟಿಗೆ ಅದರಲ್ಲೇ ಇದೆ.

ನಿಮ್ಮ ಗುಟ್ಟುಗಳನ್ನು ಬೀಗ ಹಾಕಿಡುವ ಎಇಎಸ್ ವಿಧಾನಕ್ಕೆ 256 ಬಿಟ್‌ಗಳ ಕೀಲಿ ಬೇಕು. ಅಂದರೆ 256 ಸೊನ್ನೆ-ಒಂದುಗಳ ಗೊತ್ತುಗುರಿಯಿಲ್ಲದ ಸಾಲು. ಮನುಷ್ಯರು ಅದನ್ನು ನೆನಪಿಡಲಾರರು. ನಮಗೆ ನೆನಪಿರುವುದು ನಾಲ್ಕಾರು ಅಕ್ಷರ, ಒಂದೆರಡು ಪದ. ಆ ಪದದಿಂದ ಕೀಲಿಯನ್ನು ಹುಟ್ಟಿಸುವ ಕೆಲಸ ನಿಮ್ಮ ಫೋನಿನೊಳಗೇ ನಡೆಯುತ್ತದೆ.

ಬಿಟ್‌ವಾರ್ಡನ್ ಎಂಬ ಮ್ಯಾನೇಜರನ್ನೇ ತೆಗೆದುಕೊಳ್ಳೋಣ. ಅದರ ಒಳಗುಟ್ಟು ಎಲ್ಲರೂ ಓದಿ ನೋಡುವಂತೆ ಬಯಲಲ್ಲಿದೆ. ಅದು ನಿಮ್ಮ ಮಾಸ್ಟರ್ ಪಾಸ್‌ವರ್ಡಿಗೆ ನಿಮ್ಮ ಇಮೇಲ್ ವಿಳಾಸವನ್ನು ಬೆರೆಸುತ್ತದೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೂ ಕೀಲಿ ಬೇರೆಬೇರೆಯಾಗಲಿ, ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿ ಕಳ್ಳನಿಗೆ ನೆರವಾಗದಿರಲಿ ಎಂಬುದು ಉದ್ದೇಶ. ಈ ಬೆರಕೆಗೆ ‘ಸಾಲ್ಟ್’, ಅಂದರೆ ಉಪ್ಪು, ಎಂದೇ ಹೆಸರು. ಆಮೇಲೆ ರುಬ್ಬುವ ಕೆಲಸ. ಹ್ಯಾಶ್ ಎಂಬ ಲೆಕ್ಕವನ್ನು ಮಾಡಿ, ಬಂದ ಉತ್ತರದ ಮೇಲೆ ಮತ್ತೆ ಅದೇ ಲೆಕ್ಕ, ಹೀಗೆ 6,00,000 ಸುತ್ತು. ರುಬ್ಬಿದ ಹಿಟ್ಟಿನಿಂದ ಅಕ್ಕಿ ಮರಳಿ ಬಾರದಂತೆ ಕೀಲಿಯಿಂದ ಪಾಸ್‌ವರ್ಡನ್ನು ಹಿಂದಕ್ಕೆ ತೆಗೆಯಲಾಗದು. ಪ್ರತಿ ಸುತ್ತಿಗೂ ಹಿಂದಿನ ಸುತ್ತಿನ ಉತ್ತರವೇ ಬೇಕಾದ್ದರಿಂದ ನಡುವಿನದನ್ನು ಹಾರಿಸಿ ಮುಂದೆ ಹೋಗುವಂತೆಯೂ ಇಲ್ಲ. ಈ ವಿಧಾನದ ಹೆಸರು PBKDF2.

ಹೀಗೆ ಬಂದ ಕೀಲಿ ನೇರವಾಗಿ ನಿಮ್ಮ ಪೆಟ್ಟಿಗೆಯನ್ನು ತೆರೆಯುವುದಿಲ್ಲ. ಪೆಟ್ಟಿಗೆಯ ನಿಜವಾದ ಕೀಲಿ ಖಾತೆ ತೆರೆದ ದಿನ ಯಾದೃಚ್ಛಿಕವಾಗಿ ಹುಟ್ಟಿದ್ದು. ರುಬ್ಬಿ ತೆಗೆದ ಕೀಲಿ ಅದರ ಮೇಲಿನ ಬೀಗವನ್ನು ತೆರೆಯುತ್ತದೆ. ಮಾಸ್ಟರ್ ಪಾಸ್‌ವರ್ಡ್ ಬದಲಿಸಿದಾಗ ಇಡೀ ಪೆಟ್ಟಿಗೆಗೆ ಮತ್ತೆ ಬೀಗ ಹಾಕಬೇಕಾಗದಿರುವುದು ಇದರಿಂದಲೇ. ಲಾಗಿನ್‌ಗೆಂದು ಸರ್ವರಿಗೆ ಹೋಗುವುದು ಆ ಕೀಲಿಯನ್ನು ಇನ್ನೊಮ್ಮೆ ರುಬ್ಬಿ ತೆಗೆದ ಗುರುತು ಮಾತ್ರ. ಪಾಸ್‌ವರ್ಡಾಗಲಿ ಕೀಲಿಯಾಗಲಿ ಕಂಪನಿಯ ಕೈ ಸೇರುವುದಿಲ್ಲ.

ಇಷ್ಟೊಂದು ರುಬ್ಬುವುದೇಕೆ? ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ದಾಗ ಇದರ ಬೆಲೆ ತಿಳಿಯುತ್ತದೆ. ‘ಮೂರು ಸಲ ತಪ್ಪಿದರೆ ಖಾತೆ ಬಂದ್’ ಎಂಬ ಕಾವಲು ಅವನ ಮನೆಯಲ್ಲಿ ಇರುವುದಿಲ್ಲ. ಅವನು ಊಹೆಯ ಮೇಲೆ ಊಹೆ ಮಾಡುತ್ತಲೇ ಹೋಗಬಹುದು. ಆದರೆ ಪ್ರತಿ ಊಹೆಗೂ ಅಷ್ಟೂ ಸುತ್ತು ರುಬ್ಬಲೇಬೇಕು. ನಿಮಗೆ ಆ ತೊಂದರೆ ತೆರೆಯುವಾಗ ಒಂದು ಸಲ, ಅವನಿಗೆ ಕೋಟಿ ಸಲ.

ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ 600 ಕೋಟಿ ಸುತ್ತು ಹಾಕುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಪಾಸ್‌ವರ್ಡ್ ಗೊತ್ತುಗುರಿಯಿಲ್ಲದೆ ಆಯ್ದ ಎಂಟು ಸಣ್ಣ ಇಂಗ್ಲಿಷ್ ಅಕ್ಷರ. ಅದಕ್ಕೆ ಸುಮಾರು 20,900 ಕೋಟಿ ಸಾಧ್ಯತೆಗಳುಂಟು. ಒಂದೇ ಸುತ್ತು ಇದ್ದರೆ ಅಷ್ಟನ್ನೂ ಪರೀಕ್ಷಿಸಲು 35 ಸೆಕೆಂಡು ಸಾಕು. 5,000 ಸುತ್ತಿದ್ದರೆ ಎರಡು ದಿನ. 6,00,000 ಇದ್ದರೆ ಎಂಟು ತಿಂಗಳು.

ಇದು ಬರೀ ಕಾಗದದ ಲೆಕ್ಕವಲ್ಲ. ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ಪೆಟ್ಟಿಗೆಗಳ ಪ್ರತಿಗಳು ಕಳುವಾದ ಸುದ್ದಿ 2022ರ ಡಿಸೆಂಬರಿನಲ್ಲಿ ಹೊರಬಿತ್ತು. ಆಗ ಅಲ್ಲಿ ಹೊಸ ಖಾತೆಗಳಿಗೆ 1,00,100 ಸುತ್ತುಗಳಿದ್ದವು. ಹಳೆಯ ಗ್ರಾಹಕರು ತಮ್ಮ ಖಾತೆ ತೆರೆದು ನೋಡಿದಾಗ ಹಲವರಲ್ಲಿ 5,000 ಎಂದೇ ಉಳಿದಿತ್ತು, ಕೆಲವರಲ್ಲಿ 1 ಎಂದೂ ಇತ್ತು. ವರ್ಷಗಳ ಹಿಂದಿನ ಸೆಟ್ಟಿಂಗ್ ಹಾಗೆಯೇ ಕುಳಿತಿತ್ತು. ಇದನ್ನು ಗ್ರಾಹಕರ ಅಜಾಗ್ರತೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಹಳ ಜನಕ್ಕೆ ಅಂಥದೊಂದು ಸೆಟ್ಟಿಂಗ್ ಇದೆಯೆಂದೇ ತಿಳಿದಿರಲಿಲ್ಲ.

ನಿಧಾನಕ್ಕೂ ಮಿತಿಯುಂಟು. ಕಳ್ಳನ ಬಳಿ ನೂರು ಕಾರ್ಡುಗಳಿದ್ದರೆ ಎಂಟು ತಿಂಗಳ ಕೆಲಸ ಎರಡೂವರೆ ದಿನಕ್ಕೆ ಇಳಿಯುತ್ತದೆ. ಅದಕ್ಕೇ Argon2id ಎಂಬ ಹೊಸ ವಿಧಾನ ಸಮಯದ ಜೊತೆಗೆ ಮೆಮೊರಿಯನ್ನೂ ಕೇಳುತ್ತದೆ. ಒಂದು ಊಹೆಗೆ 64 ಎಂಬಿ ಹಿಡಿದರೆ 24 ಜಿಬಿಯ ಕಾರ್ಡಿನಲ್ಲಿ ಏಕಕಾಲಕ್ಕೆ ನಾನೂರು ಊಹೆಯೂ ಹಿಡಿಸದು. ಇಷ್ಟಾದರೂ ಪಾಸ್‌ವರ್ಡೇ ಸುಲಭವಾಗಿದ್ದರೆ ಯಾವ ವಿಧಾನವೂ ಉಳಿಸದು. mysuru123 ತರಹದ್ದು ಕಳ್ಳರ ಒಂದು ಕೋಟಿ ಊಹೆಗಳ ಪಟ್ಟಿಯಲ್ಲಿದ್ದರೆ, 6,00,000 ಸುತ್ತಿದ್ದರೂ ಆ ಒಂದೇ ಕಾರ್ಡು ಪಟ್ಟಿಯನ್ನು ಮುಗಿಸಲು 17 ನಿಮಿಷ ಸಾಕು. 7,776 ಪದಗಳ ಪಟ್ಟಿಯಿಂದ ದಾಳ ಉರುಳಿಸಿ ಆಯ್ದ ಐದು ಪದಗಳಾದರೆ ಅದೇ ಕಾರ್ಡಿಗೆ ಒಂಬತ್ತು ಕೋಟಿ ವರ್ಷ ಬೇಕು.

ನಿಮ್ಮ ಮ್ಯಾನೇಜರಿನ ಸೆಟ್ಟಿಂಗ್ಸ್‌ನಲ್ಲಿ KDF iterations ಎಂಬ ಸಾಲನ್ನು ಇಂದೇ ಹುಡುಕಿ. PBKDF2 ಇದ್ದು ಸಂಖ್ಯೆ 6,00,000ಕ್ಕಿಂತ ಕಡಿಮೆಯಿದ್ದರೆ ಏರಿಸಿ; ಏರಿಸುವ ಮುನ್ನ ಒಂದು ಬ್ಯಾಕಪ್ ತೆಗೆದಿಡಿ. ಪೆಟ್ಟಿಗೆ ಈಗಾಗಲೇ ಕಳುವಾಗಿದ್ದರೆ ಮಾತ್ರ ಇದು ಸಾಲದು. ಕಳ್ಳನ ಕೈಲಿರುವ ಪ್ರತಿಯಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ. ಆಗ ಒಳಗಿರುವ ಪಾಸ್‌ವರ್ಡುಗಳನ್ನೇ ಒಂದೊಂದಾಗಿ ಬದಲಿಸಿ, ಬ್ಯಾಂಕು ಮತ್ತು ಇಮೇಲಿನಿಂದ ಶುರುಮಾಡಿ.