ಹಸಿ ಮರಕ್ಕೇ ಮದ್ದು

ಹೊಸ ಮನೆಯ ಪಕಾಸುಗಳ ಕೆಳಗೆ ಮೈದಾ ಹಿಟ್ಟಿನಂಥ ನುಣ್ಣನೆ ಪುಡಿ ಉದುರತೊಡಗಿದರೆ ಕುಟ್ಟೆ ಹುಳ ಒಳಹೊಕ್ಕು ಆಗಲೇ ತಿಂಗಳುಗಳು ಕಳೆದಿರುತ್ತವೆ. ಮರದ ಮೇಲೆ ಕಾಣುವ ಸಣ್ಣ ತೂತುಗಳು ಹುಳ ಬೆಳೆದು ಹೊರಬಿದ್ದ ದಾರಿಗಳು. ಆಮೇಲೆ ತೂತಿಗೆ ಎಣ್ಣೆ ಬಿಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಕೆಲಸ ಆಗಬೇಕಾದದ್ದು ಮರ ಕೊಯ್ದ ವಾರದಲ್ಲೇ.

ಹಿತ್ತಿಲ ಹಲಸಿನ ಮರವನ್ನು ಕೊಯ್ದಾಗ ಒಳಗಿನ ಹಳದಿ ಚೇಗು, ಅದರ ಸುತ್ತ ಬಿಳಿಭಾಗ ಕಾಣುತ್ತದೆ. ಚೇಗಿನಲ್ಲಿ ಹುಳಕ್ಕೆ ಒಗ್ಗದ ಸತ್ವಗಳಿವೆ. ಬಿಳಿಭಾಗದಲ್ಲಿರುವುದು ಮರ ಕೂಡಿಟ್ಟುಕೊಂಡ ಪಿಷ್ಟ. ಹುಳಕ್ಕೆ ಬೇಕಾದದ್ದೂ ಅದೇ. ದಿಮ್ಮಿಯನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುವ ಹಳೆಯ ರೂಢಿಗೆ ಕಾರಣ ಇಲ್ಲಿದೆ: ನೀರಿನಲ್ಲಿ ಆ ಪಿಷ್ಟ ಬಹುಮಟ್ಟಿಗೆ ಕಳೆದುಹೋಗುತ್ತದೆ.

ಕೆರೆ ಇಲ್ಲದವರಿಗೆ ಬಿಳಿಗಾರ ಮತ್ತು ಬೋರಿಕ್ ಆಸಿಡ್ ಇವೆ. ನೂರು ಲೀಟರ್ ಬಿಸಿನೀರಿಗೆ 6 ಕಿಲೋ ಬಿಳಿಗಾರ, 4 ಕಿಲೋ ಬೋರಿಕ್ ಆಸಿಡ್ ಕರಗಿಸಿ, ಕೊಯ್ದ ಹಸಿ ಪಕಾಸುಗಳನ್ನು ಮೂರ್ನಾಲ್ಕು ದಿನ ಪೂರ್ತಿ ಮುಳುಗಿಸಬೇಕು. ಎತ್ತಿದ ಮೇಲೆ ಒತ್ತೊತ್ತಾಗಿ ಪೇರಿಸಿ ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಬೇಕು. ಎರಡು ಇಂಚು ದಪ್ಪದ ಮರಕ್ಕೆ ಸುಮಾರು ಒಂದು ತಿಂಗಳು ಬೇಕು. ಮರದೊಳಗಿನ ನೀರೇ ಮದ್ದನ್ನು ನಿಧಾನವಾಗಿ ಒಳಕ್ಕೆ ಒಯ್ಯುತ್ತದೆ. ಒಣಗಿದ ಮರಕ್ಕೆ ಬಳಿದರೆ ಹೊರಪದರದಲ್ಲೇ ಉಳಿದುಬಿಡುತ್ತದೆ. ಒಳಗೆ ಹೋಗಿದೆಯೇ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಒಂದು ತುಂಡನ್ನು ನಡುವೆ ಕತ್ತರಿಸಿ, ಅರಿಶಿನದ ಸಾರವನ್ನೂ ಆಮ್ಲವನ್ನೂ ಹಚ್ಚಿ ನೋಡುತ್ತಾರೆ. ಮದ್ದು ಸೇರಿದ ಕಡೆ ಕೆಂಪಾಗುತ್ತದೆ, ಉಳಿದದ್ದು ಹಳದಿಯಾಗಿಯೇ ಇರುತ್ತದೆ.

ಇನ್ನು ಒಣಗಿಸುವುದು. ನೆರಳಿನಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ, ಸಾಲುಗಳ ನಡುವೆ ಎರಡಡಿಗೊಂದು ರೀಪಿನ ತುಂಡಿಟ್ಟು ಪೇರಿಸಬೇಕು. ಮೇಲಿನ ತುಂಡು ಕೆಳಗಿನದರ ನೇರಕ್ಕೇ ಬರದಿದ್ದರೆ ಪಕಾಸು ಡೊಂಕಾಗುತ್ತದೆ. ತುದಿಗಳು ಬೇಗ ಒಣಗಿ ಸೀಳುವುದರಿಂದ ಅಲ್ಲಿ ದಪ್ಪ ಬಣ್ಣ ಬಳಿಯಬೇಕು.

ಒಣಗಿತೇ ಎಂದು ತೂಕವೇ ಹೇಳುತ್ತದೆ. ಪಕಾಸಿನ ನಡುವಿನಿಂದ ಕತ್ತರಿಸಿದ ತುಂಡು 600 ಗ್ರಾಂ ಇತ್ತೆನ್ನಿ. ಸುಮಾರು 103 ಡಿಗ್ರಿ ಶಾಖದ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದಾಗ 480 ಗ್ರಾಂ ಆಯಿತು. ಹೋದ ನೀರು 120 ಗ್ರಾಂ. ಒಣತೂಕದ ನಾಲ್ಕನೇ ಒಂದು ಪಾಲು, ಅಂದರೆ ತೇವ ಶೇ. 25. ಇನ್ನೂ ಕಾಯಬೇಕು. ಶೇ. 20ಕ್ಕಿಂತ ಕೆಳಗಿಳಿದ ಮರದಲ್ಲಿ ಕೊಳೆಸುವ ಶಿಲೀಂಧ್ರ ಬೆಳೆಯದು, ಚೌಕಟ್ಟಿಗೆ ಶೇ. 12ರಿಂದ 15ರ ಹತ್ತಿರ ಬಂದರೆ ಒಳ್ಳೆಯದು.

ಬಿಳಿಗಾರದ ಮದ್ದು ನೀರಿನಲ್ಲಿ ಕರಗುವಂಥದ್ದು. ಹೆಂಚಿನಡಿಯ ಪಕಾಸಿಗೆ ಸಾಕು. ಮಳೆಗೆ ಒಡ್ಡಿದ ಸೂರಿನ ತುದಿಗೆ, ನೆಲ ತಾಗುವ ಬಾಗಿಲ ಚೌಕಟ್ಟಿನ ಕಾಲಿಗೆ ಸಾಲದು. ಅಂಥ ಕಡೆ ಚೇಗನ್ನೇ ಬಳಸಿ, ಕಾಲುಗಳನ್ನು ಕಲ್ಲಿನ ಮೇಲೆ ನಿಲ್ಲಿಸಿ, ಗೋಡೆಗೆ ತಾಗುವ ಮೈಗೆ ಟಾರು ಬಳಿಯಬೇಕು.