ರಾತ್ರಿ ಹತ್ತರಿಂದ ಒಂದೂವರೆವರೆಗೆ ಸೇವೆ ಇರುವುದಿಲ್ಲ

2024ರ ಜುಲೈ 13ರಂದು ಎಚ್‌ಡಿಎಫ್‌ಸಿ ಬ್ಯಾಂಕ್ ತನ್ನ ಮೂಲ ಬ್ಯಾಂಕಿಂಗ್ ವ್ಯವಸ್ಥೆಯನ್ನೇ ಹೊಸ ವೇದಿಕೆಗೆ ಸಾಗಿಸಿತು. ಬೆಳಗಿನ ಜಾವ 3ರಿಂದ ಸಂಜೆ 4.30ರವರೆಗೆ, ಅಂದರೆ ಹದಿಮೂರೂವರೆ ತಾಸಿನ ಕೆಲಸ. ಬ್ಯಾಂಕುಗಳಿಗೆ ಹೇಗೂ ರಜೆ ಇರುವ ಎರಡನೇ ಶನಿವಾರವನ್ನೇ ಅದಕ್ಕೆ ಆರಿಸಿಕೊಂಡಿದ್ದರು. ಗ್ರಾಹಕರಿಗೆ ಮುಂಚಿತವಾಗಿ ಕಳಿಸಿದ ಸೂಚನೆಯನ್ನು ಗಮನಿಸಿದರೆ, ಯುಪಿಐ ಅಷ್ಟೂ ಹೊತ್ತು ಬಂದ್ ಆಗುತ್ತದೆ ಎಂದು ಅದರಲ್ಲಿ ಇರಲಿಲ್ಲ. ನಸುಕಿನ 3ರಿಂದ 3.45, ಆಮೇಲೆ ಬೆಳಿಗ್ಗೆ 9.30ರಿಂದ 12.45, ಈ ಎರಡು ಹೊತ್ತಿನಲ್ಲಿ ಮಾತ್ರ ಇಲ್ಲ ಎಂದಿತ್ತು. ಎಟಿಎಂನಲ್ಲಿ ಮಿತಿಯೊಳಗೆ ದುಡ್ಡು ತೆಗೆಯಬಹುದು, ಆದರೆ ಕಾಣುವ ಬ್ಯಾಲೆನ್ಸ್ ಹಿಂದಿನ ರಾತ್ರಿ 7.30ರದ್ದು ಎಂದೂ ತಿಳಿಸಿದ್ದರು. ತರಕಾರಿ ಅಂಗಡಿಯ ಮುಂದೆ ನಿಲ್ಲುವವನಿಗೆ ಬೇಕಾದದ್ದು ಈ ವಿವರವೇ ಹೊರತು ‘ತಾಂತ್ರಿಕ ಉನ್ನತೀಕರಣದ ನಿಮಿತ್ತ ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಸಾಲಲ್ಲ.

ಇಂಥ ಸೂಚನೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಮುಗಿಯುವ ವೇಳೆಯನ್ನು ಬರೆಯುವುದು. ಬಿಲ್ಲಿಂಗ್ ಸಾಫ್ಟ್‌ವೇರ್ ಒದಗಿಸುವ ಒಂದು ಸಣ್ಣ ಕಂಪನಿಯನ್ನು ಊಹಿಸಿಕೊಳ್ಳಿ. ಗ್ರಾಹಕರಲ್ಲಿ ಮೆಡಿಕಲ್ ಶಾಪ್‌ಗಳೂ ಇವೆ, ಕೆಲವು ರಾತ್ರಿಯಿಡೀ ತೆರೆದಿರುತ್ತವೆ. ಡೇಟಾಬೇಸ್ ಬದಲಿಸಬೇಕು. ಒಮ್ಮೆ ತಾಲೀಮು ಮಾಡಿ ನೋಡಿದಾಗ ಬ್ಯಾಕಪ್‌ಗೆ 40 ನಿಮಿಷ, ಬದಲಾವಣೆಗೆ 50, ಪರೀಕ್ಷೆಗೆ 30 ನಿಮಿಷ ಹಿಡಿಯಿತು. ಒಟ್ಟು ಎರಡು ತಾಸು. ಹಾಗಾಗಿ ‘10ರಿಂದ 12’ ಎಂದು ಬರೆಯಲು ಕೈ ಮುಂದಾಗುತ್ತದೆ. ಆದರೆ ಪರೀಕ್ಷೆಯಲ್ಲಿ ಲೆಕ್ಕ ತಾಳೆಯಾಗದಿದ್ದರೆ? ಹಳೆಯ ಸ್ಥಿತಿಗೆ ಮರಳಲು ಒಂದು ತಾಸು, ಮರಳಿದ್ದು ಸರಿಯಿದೆಯೇ ಎಂದು ನೋಡಲು ಇನ್ನರ್ಧ ತಾಸು ಬೇಕು. ಪ್ರಾಮಾಣಿಕವಾದ ವೇಳೆ ಎಂದರೆ 10ರಿಂದ 1.30. ಹನ್ನೆರಡಕ್ಕೇ ಮುಗಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಜೊತೆಗೆ ತಂಡದೊಳಗೆ ಒಂದು ಕರಾರು ಇರಬೇಕು: 12 ಗಂಟೆಗೆ ಪರೀಕ್ಷೆ ಪಾಸಾಗದಿದ್ದರೆ ‘ಇನ್ನು ಹತ್ತೇ ನಿಮಿಷ’ ಎನ್ನದೆ ಹಿಂದಕ್ಕೆ ಹೋಗುವುದು. ಆ ಹತ್ತು ನಿಮಿಷಗಳೇ ಬೆಳಗಿನವರೆಗೆ ಎಳೆಯುವುದು.

ಇನ್ನು ಬದಲಿ ದಾರಿ. ‘ಕೈಬಿಲ್ ಬರೆಯಿರಿ’ ಎಂದಷ್ಟೇ ಹೇಳಿದರೆ ಅರ್ಧ ಮಾತು. ಸಾಫ್ಟ್‌ವೇರ್ ಕೊನೆಯದಾಗಿ ಕೊಟ್ಟ ಬಿಲ್ ಸಂಖ್ಯೆಯ ಮುಂದಿನದನ್ನೇ ಅಂಗಡಿಯವರು ಪುಸ್ತಕದಲ್ಲಿ ಬರೆದುಬಿಟ್ಟರೆ, ಬೆಳಿಗ್ಗೆ ಸಾಫ್ಟ್‌ವೇರ್ ಕೂಡ ಅದೇ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡುತ್ತದೆ. ಜಿಎಸ್‌ಟಿ ನಿಯಮದಲ್ಲಿ ಒಂದಕ್ಕಿಂತ ಹೆಚ್ಚು ಬಿಲ್ ಸರಣಿ ಇಟ್ಟುಕೊಳ್ಳಲು ಅವಕಾಶವಿದೆ. ಆದ್ದರಿಂದ ಕೈಬಿಲ್‌ಗೆ ಬೇರೆ ಸರಣಿ ಬಳಸಿ, ಬೆಳಿಗ್ಗೆ ಇಂಥ ಪುಟದಲ್ಲಿ ಅವನ್ನು ನಮೂದಿಸಿ, ದಾಸ್ತಾನು ಆಮೇಲಷ್ಟೇ ಸರಿಹೋಗುತ್ತದೆ ಎಂದು ಸೂಚನೆಯಲ್ಲೇ ಬರೆಯಬೇಕು. ಇದನ್ನು ಒಂದು ವಾರ ಮೊದಲು ತಿಳಿಸಿದರೆ ಅಂಗಡಿಯವರು ಬಿಲ್ ಪುಸ್ತಕ ತಂದಿಟ್ಟುಕೊಳ್ಳಬಹುದು. ಹಿಂದಿನ ದಿನ ಮತ್ತೊಮ್ಮೆ ನೆನಪಿಸಬೇಕು, ಏಕೆಂದರೆ ಮೊದಲ ಸಂದೇಶ ಓದಿದ ಮಾಲೀಕರು ರಾತ್ರಿ ಪಾಳಿಯ ಹುಡುಗನಿಗೆ ಹೇಳಿರುವುದೇ ಅನುಮಾನ.

ಬದಲಿ ದಾರಿ ಸೊಗಸಾಗಿ ಒದಗಿದ ಒಂದು ಸಂದರ್ಭವಿದೆ. 2021ರ ಏಪ್ರಿಲ್ 18ರ ಭಾನುವಾರ ಮಧ್ಯರಾತ್ರಿಯಿಂದ ಮಧ್ಯಾಹ್ನ 2ರವರೆಗೆ ಆರ್‌ಟಿಜಿಎಸ್ ಇರುವುದಿಲ್ಲ, ನೆಫ್ಟ್ ಎಂದಿನಂತೆ ಇರುತ್ತದೆ ಎಂದು ರಿಸರ್ವ್ ಬ್ಯಾಂಕ್ ಪ್ರಕಟಿಸಿತ್ತು. ಮೇ 23ರಂದು ನೆಫ್ಟ್‌ನ ಸರದಿ ಬಂದಾಗ ಆರ್‌ಟಿಜಿಎಸ್ ನಡೆಯುತ್ತಿತ್ತು. ಎರಡನ್ನೂ ಒಂದೇ ದಿನ ಕೈಗೆತ್ತಿಕೊಂಡಿರಲಿಲ್ಲ.

ಸೂಚನೆ ಚೆನ್ನಾಗಿದ್ದ ಮಾತ್ರಕ್ಕೆ ಕೆಲಸ ಚೆನ್ನಾಗಿ ಆಗಿಬಿಡುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಕೂಡ ಗ್ರಾಹಕರಿಗೆ ಮೊದಲೇ ತಿಳಿಸಿ, ಒಂದು ವಾರಾಂತ್ಯ ಸೇವೆ ನಿಲ್ಲಿಸಿ ಹೊಸ ವ್ಯವಸ್ಥೆಗೆ ಹೋಯಿತು. ದತ್ತಾಂಶವೇನೋ ಸಾಗಿತು. ಆದರೆ ಹೊಸ ವ್ಯವಸ್ಥೆ ಗ್ರಾಹಕರ ಭಾರ ತಾಳದೆ ಕುಸಿಯಿತು. ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. ಪೂರ್ತಿ ಸಹಜ ಸ್ಥಿತಿಗೆ ಬರಲು ಡಿಸೆಂಬರ್ ಆಯಿತು. ನಿಯಂತ್ರಕ ಸಂಸ್ಥೆಗಳು 2022ರಲ್ಲಿ ಒಟ್ಟು 4.865 ಕೋಟಿ ಪೌಂಡ್ ದಂಡ ಹಾಕಿದವು. ಬ್ಯಾಂಕ್ ಮೊದಲು ಮುಗಿಯುವ ದಿನಾಂಕ ಇಟ್ಟುಕೊಂಡು, ಕೆಲಸಗಳನ್ನು ಅದಕ್ಕೆ ತಕ್ಕಂತೆ ಹಿಂದಿನಿಂದ ಹೊಂದಿಸಿತ್ತು ಎಂಬುದು ಸ್ವತಂತ್ರ ತನಿಖಾ ವರದಿಯ ಆಕ್ಷೇಪಗಳಲ್ಲೊಂದು.

ಗಡುವು ಮೀರುತ್ತದೆ ಎಂದು ಗೊತ್ತಾದರೆ, ಅದು ಮುಗಿಯುವ ಮುಂಚೆಯೇ ಹೊಸ ವೇಳೆಯನ್ನೂ ಮುಂದಿನ ಸಂದೇಶ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನೂ ತಿಳಿಸಿ. ಸೇವೆ ಮರಳಿದ ಕೂಡಲೇ ಅದನ್ನೂ ಹೇಳಿ. ಇಲ್ಲದಿದ್ದರೆ ಅಂಗಡಿಯವರು ಬೆಳಗಿನವರೆಗೂ ಕೈಯಲ್ಲೇ ಬಿಲ್ ಬರೆಯುತ್ತಿರುತ್ತಾರೆ.